ಮೊದಲ ಸಂಬಳದವರಿಗೆ ಟ್ರೇಲರ್

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದವರಿಗಾಗಿ ಹಣಕಾಸಿನ ಯೂಟ್ಯೂಬ್ ಚಾನೆಲ್ ಶುರುಮಾಡುತ್ತಿದ್ದೇವೆ. ಟ್ರೇಲರ್‌ನಲ್ಲಿ ಏನು ಹೇಳೋಣ? – ಓದುಗರೊಬ್ಬರು, ಮಂಗಳೂರು

ಉತ್ತರ: ಟ್ರೇಲರ್ ಇರುವುದೇ ಇನ್ನೂ ಚಂದಾದಾರರಾಗದವರಿಗೆ. ನಿಮ್ಮ ಪರಿಚಯ ಆಮೇಲಾಗಲಿ, ಸಂಬಳದ ಚೀಟಿಯಿಂದಲೇ ಆರಂಭಿಸಿ: "ಆಫರ್ ಲೆಟರ್‌ನಲ್ಲಿ ಸಿಟಿಸಿ ವರ್ಷಕ್ಕೆ 3.6 ಲಕ್ಷ. ಅಂದರೆ ತಿಂಗಳಿಗೆ 30,000. ಖಾತೆಗೆ ಬಂದದ್ದು 26,200. ಉಳಿದದ್ದೆಲ್ಲಿ?"

ಲೆಕ್ಕ ಸುಲಭ. ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಅದರ ಶೇ. 12ರಂತೆ ಪಿಎಫ್‌ಗೆ ಕಂಪನಿಯ ಪಾಲು 1,800, ನೌಕರನ ಪಾಲು 1,800. ಮತ್ತೆ ವೃತ್ತಿ ತೆರಿಗೆ 200. ಕಂಪನಿಯ ಪಾಲನ್ನೂ ಸಿಟಿಸಿಯೊಳಗೇ ಸೇರಿಸಿರುತ್ತಾರೆ ಎಂಬುದು ಹೆಚ್ಚಿನವರಿಗೆ ತಿಳಿಯುವುದು ಮೊದಲ ಸಂಬಳದ ದಿನವೇ! ಎರಡೂ ಪಾಲು ಸೇರಿದ ಈ 3,600 ಎಲ್ಲೂ ಹೋಗಿಲ್ಲ, ನೌಕರನ ಹೆಸರಿನ ಪಿಎಫ್ ಮತ್ತು ಪಿಂಚಣಿಗೆ ಸೇರಿದೆ ಎಂದೂ ಹೇಳಿ.

ಹಣಕಾಸಿನ ಚಾನೆಲ್ ಆದ್ದರಿಂದ ಒಂದು ಎಚ್ಚರಿಕೆ: ಸೆಬಿ ನೋಂದಣಿ ಇಲ್ಲದಿದ್ದರೆ ಯಾವ ಷೇರನ್ನೂ ಕೊಳ್ಳಿ ಎನ್ನಬೇಡಿ.