ಪಟ್ಟಿಯಲ್ಲಿ ಹೆಸರಿದೆ, ಹುದ್ದೆ ಯಾವಾಗ?

2020ರ ಆಗಸ್ಟ್‌ನಲ್ಲಿ ಕೇಂದ್ರ ಲೋಕಸೇವಾ ಆಯೋಗ 2019ರ ಸಿವಿಲ್ ಸೇವಾ ಪರೀಕ್ಷೆಯ ಅಂತಿಮ ಫಲಿತಾಂಶ ಪ್ರಕಟಿಸಿತು. ಖಾಲಿ ಇದ್ದ ಹುದ್ದೆಗಳು 927, ಆಯ್ಕೆಯಾದವರು 829. ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿ ಬರುವ ಪರೀಕ್ಷೆಯಲ್ಲಿ ತೊಂಬತ್ತೆಂಟು ಹುದ್ದೆಗೆ ಅರ್ಹರೇ ಸಿಗಲಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅರ್ಹರು ಇದ್ದರು. ಆಯೋಗ ಬೇಕೆಂದೇ ಕೈ ಬಿಗಿ ಹಿಡಿದು, 182 ಹೆಸರುಗಳ ರಿಸರ್ವ್ ಪಟ್ಟಿಯೊಂದನ್ನು ತನ್ನ ಬಳಿ ಇಟ್ಟುಕೊಂಡಿತ್ತು.

ಇದರ ಹಿಂದಿರುವ ಲೆಕ್ಕ ಸ್ವಾರಸ್ಯಕರವಾಗಿದೆ. ಒಬ್ಬ ಒಬಿಸಿ ಅಭ್ಯರ್ಥಿ ವಯಸ್ಸಿನ ರಿಯಾಯಿತಿಯನ್ನಾಗಲಿ ಕಡಿಮೆ ಕಟ್‌ಆಫ್ ಅನ್ನಾಗಲಿ ಬಳಸದೆ ಸಾಮಾನ್ಯ ವರ್ಗದ ಅಂಕಗಳಲ್ಲೇ ತೇರ್ಗಡೆಯಾದರೆ, ಆತನನ್ನು ಸಾಮಾನ್ಯ ಹುದ್ದೆಗೆ ಲೆಕ್ಕ ಹಾಕುತ್ತಾರೆ. ಆದರೆ ಆ ರ‍್ಯಾಂಕಿಗೆ ಸಾಮಾನ್ಯ ವರ್ಗದಲ್ಲಿ ಸಿಗುವುದು ಕಂದಾಯ ಸೇವೆ, ಒಬಿಸಿ ಕೋಟಾದಲ್ಲಿ ಐಪಿಎಸ್ಸೇ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹೆಚ್ಚು ಅಂಕ ತೆಗೆದ ತಪ್ಪಿಗೆ ಅವನಿಗೆ ಕೆಳಗಿನ ಆಯ್ಕೆ ಸಿಗಬಾರದಲ್ಲ? ಹಾಗಾಗಿ ಅವನು ಒಬಿಸಿ ಹುದ್ದೆಗೆ ಸರಿಯಬಹುದು. 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಈ ನಿಯಮವನ್ನು ಎತ್ತಿಹಿಡಿದಿದೆ.

ತೊಡಕು ಇರುವುದು ಸಮಯದಲ್ಲಿ. ಯಾರು ಸರಿಯುತ್ತಾರೆ ಎಂಬುದು ಸೇವೆಗಳ ಹಂಚಿಕೆಯಾಗುವವರೆಗೆ ತಿಳಿಯುವುದಿಲ್ಲ. ಅವನು ಸರಿದರೆ ಸಾಮಾನ್ಯ ವರ್ಗದಲ್ಲೊಂದು ಜಾಗ ತೆರವು, ಸರಿಯದಿದ್ದರೆ ಒಬಿಸಿಯಲ್ಲೊಂದು ಜಾಗ ಉಳಿಕೆ. ಎರಡಕ್ಕೂ ಸಿದ್ಧವಾಗಿರಲು ಆಯೋಗ ಇಂಥ ಪ್ರತಿ ಅಭ್ಯರ್ಥಿಗೆ ಎರಡು ಹೆಸರು ಕಾದಿಡುತ್ತದೆ: ಒಂದು ಸಾಮಾನ್ಯ ವರ್ಗದಿಂದ, ಇನ್ನೊಂದು ಮೀಸಲು ವರ್ಗದಿಂದ. ಆ 182ರಲ್ಲಿ ಸರಿಯಾಗಿ 91 ಸಾಮಾನ್ಯ ವರ್ಗದವರು, ಉಳಿದ 91 ಮಂದಿಯಲ್ಲಿ ಒಬಿಸಿ 71, ಆರ್ಥಿಕವಾಗಿ ಹಿಂದುಳಿದ ವರ್ಗ 9, ಪರಿಶಿಷ್ಟ ಜಾತಿ 8, ಪರಿಶಿಷ್ಟ ಪಂಗಡ 3. ಪಟ್ಟಿ ನೋಡಿದಾಗಲೇ ಗೊತ್ತಾಗುತ್ತದೆ, ಅರ್ಧದಷ್ಟು ಜನರಿಗೆ ಕರೆ ಬರುವುದೇ ಇಲ್ಲ.

2021ರ ಜನವರಿಯಲ್ಲಿ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಕೇಳಿದ ಮೇಲೆ ಆಯೋಗ 89 ಹೆಸರು ಕಳಿಸಿತು. ಅದರಲ್ಲಿ ಸಾಮಾನ್ಯ ವರ್ಗದವರು 73, ಒಬಿಸಿ 14, ಆರ್ಥಿಕ ಹಿಂದುಳಿದವರು ಮತ್ತು ಪರಿಶಿಷ್ಟ ಜಾತಿಯಿಂದ ತಲಾ ಒಬ್ಬರು. ಸಾಮಾನ್ಯ ವರ್ಗಕ್ಕೆ ಇಷ್ಟೊಂದು ಸಿಕ್ಕಿತಲ್ಲ ಎಂದು ಮೇಲ್ನೋಟಕ್ಕೆ ಕೋಪ ಬರಬಹುದು. ಆದರೆ ಲೆಕ್ಕ ಹೇಳುವುದೇ ಬೇರೆ: ಹೆಚ್ಚಿನ ಮೀಸಲು ಅಭ್ಯರ್ಥಿಗಳು ಒಳ್ಳೆಯ ಸೇವೆಗಾಗಿ ತಮ್ಮ ಕೋಟಾಕ್ಕೆ ಸರಿದರು, ಅವರು ಬಿಟ್ಟ ಸಾಮಾನ್ಯ ಜಾಗಗಳು ತುಂಬಿದವು.

ಇದು ದೆಹಲಿಯ ರಿಸರ್ವ್ ಪಟ್ಟಿಯ ಕತೆ. ನಮ್ಮಲ್ಲಿ ಎಫ್‌ಡಿಎ, ಎಸ್‌ಡಿಎ, ಶಿಕ್ಷಕರ ನೇಮಕಾತಿಗಳಲ್ಲಿ ಕೇಳಿಬರುವ ಹೆಚ್ಚುವರಿ ಪಟ್ಟಿಯ ಕೆಲಸ ಇನ್ನೂ ಸರಳ. ಆಯ್ಕೆಯಾದವರು ಹುದ್ದೆಗೆ ಹಾಜರಾಗದಿದ್ದರೆ ಆ ಜಾಗ ತುಂಬುವುದಷ್ಟೇ ಅದರ ಉದ್ದೇಶ. ಒಬ್ಬಳು ಎಫ್‌ಡಿಎಗೂ ಪಿಡಿಒಗೂ ಆಯ್ಕೆಯಾಗಿ ಎರಡನೆಯದಕ್ಕೆ ಹೋದಳು ಎನ್ನಿ. ಇಲಾಖೆ ಹಾಜರಾಗಲು ಕೊಟ್ಟ ಗಡುವು ಮುಗಿಯುವವರೆಗೆ ಕಾದು, ನೇಮಕಾತಿ ಆದೇಶ ರದ್ದು ಮಾಡಿ, ಆಯ್ಕೆ ಪ್ರಾಧಿಕಾರಕ್ಕೆ ಪತ್ರ ಬರೆಯಬೇಕು. ಆಗ ಅವಳ ಜಾಗದ ವರ್ಗಕ್ಕೆ ಸೇರಿದ ಮುಂದಿನ ಹೆಸರು ಬರುತ್ತದೆ. ಆ ಜಾಗ 2ಎ ಗ್ರಾಮೀಣ ಮಹಿಳೆಗೆ ಮೀಸಲಾಗಿದ್ದರೆ ನಿಮ್ಮ ಅಂಕ ಎಷ್ಟೇ ಇರಲಿ, 3ಬಿಯಲ್ಲಿರುವ ನಿಮಗೆ ಅದು ಬರುವುದಿಲ್ಲ. ಕ್ರಮಸಂಖ್ಯೆ ನೋಡಿ ‘ನನ್ನ ಮುಂದೆ ನಾಲ್ಕೇ ಜನ’ ಎಂದು ಎಣಿಸುವವರು ನಿರಾಶರಾಗುವುದು ಇಲ್ಲೇ. ಎಣಿಸಬೇಕಾದ್ದು ತಮ್ಮ ವರ್ಗದೊಳಗೆ.

ಇನ್ನೊಂದು ಭ್ರಮೆ, ಪಟ್ಟಿಯಲ್ಲಿರುವವರೆಗೂ ಇಲಾಖೆಯಲ್ಲಿ ಹೊಸದಾಗಿ ಖಾಲಿಯಾದ ಹುದ್ದೆ ತಮ್ಮದೇ ಎನ್ನುವುದು. ನಿವೃತ್ತಿಯಿಂದ ಖಾಲಿಯಾದದ್ದು ಮುಂದಿನ ಅಧಿಸೂಚನೆಯ ಪಾಲು. ಗುಜರಾತಿನ ಎಂಜಿನಿಯರುಗಳ ಪ್ರಕರಣದಲ್ಲಿ 1994ರಲ್ಲೇ ಸುಪ್ರೀಂ ಕೋರ್ಟ್ ಕಾಯುವ ಪಟ್ಟಿ ನೇಮಕಾತಿಯ ಮೂಲವಲ್ಲ ಎಂದಿದೆ. ಇಲ್ಲದಿದ್ದರೆ ಇಂದಿನ ಪಟ್ಟಿಯೇ ವರ್ಷಗಟ್ಟಲೆ ಹುದ್ದೆ ತುಂಬುತ್ತಾ ಹೋಗಿ, ಆಮೇಲೆ ಓದಿ ಬಂದವರು ಬಾಗಿಲ ಹೊರಗೇ ಉಳಿಯುತ್ತಿದ್ದರು. ಅದಕ್ಕೂ ಮುಂಚೆ, 1991ರಲ್ಲಿ ಸಂವಿಧಾನ ಪೀಠ, ಮುಖ್ಯ ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೂ ಹುದ್ದೆಯ ಹಕ್ಕು ಹುಟ್ಟುವುದಿಲ್ಲ, ಆದರೆ ಸರ್ಕಾರ ಮನಸೋ ಇಚ್ಛೆ ನಡೆದುಕೊಳ್ಳುವಂತಿಲ್ಲ ಎಂದಿತ್ತು. ಕರ್ನಾಟಕದ ಶಿಕ್ಷಕ ಹುದ್ದೆಯೊಂದರ ಹೆಚ್ಚುವರಿ ಪಟ್ಟಿಯ ವ್ಯಾಜ್ಯದಲ್ಲೂ 2023ರಲ್ಲಿ ನ್ಯಾಯಾಲಯ ಇದೇ ನಿಲುವು ತಳೆಯಿತು.

ಹಾಗೆಂದು ಸುಮ್ಮನೆ ಕೂರಬೇಕಿಲ್ಲ. ನನಗನ್ನಿಸುವಂತೆ ಹೆಚ್ಚಿನ ಜಾಗಗಳು ಕೈತಪ್ಪುವುದು ಇಲಾಖೆಯ ಪತ್ರ ತಡವಾಗಿ ಹೊರಡುವುದರಿಂದ, ಅಷ್ಟರಲ್ಲಿ ಪಟ್ಟಿಯ ಅವಧಿಯೇ ಮುಗಿದಿರುತ್ತದೆ. ಆದ್ದರಿಂದ ಅವಧಿ ಎಲ್ಲಿಯವರೆಗೆ ಎಂಬುದನ್ನು ಆ ನೇಮಕಾತಿಯ ನಿಯಮದಲ್ಲೇ ಓದಿಕೊಳ್ಳಬೇಕು. ಆಮೇಲೆ ಮಾಹಿತಿ ಹಕ್ಕಿನಡಿ ಇಲಾಖೆಗೆ ಮೂರು ಪ್ರಶ್ನೆ ಸಾಕು: ನನ್ನ ವರ್ಗದಲ್ಲಿ ಆಯ್ಕೆಯಾದವರಲ್ಲಿ ಎಷ್ಟು ಮಂದಿ ಹಾಜರಾಗಿಲ್ಲ, ಅವರ ಆದೇಶ ಯಾವ ದಿನ ರದ್ದಾಯಿತು, ಹೆಚ್ಚುವರಿ ಪಟ್ಟಿ ಕೇಳಿ ಪ್ರಾಧಿಕಾರಕ್ಕೆ ಬರೆದ ಪತ್ರದ ದಿನಾಂಕ ಯಾವುದು. ಉತ್ತರಕ್ಕೆ ಕಾನೂನು ಕೊಟ್ಟಿರುವ ಕಾಲ 30 ದಿನ, ಅದನ್ನೂ ಪಟ್ಟಿಯ ಅವಧಿಯೊಳಗೇ ಲೆಕ್ಕ ಹಾಕಿ ಅರ್ಜಿ ಹಾಕಬೇಕು.