ವಿಜ್ಞಾನ ಪರೀಕ್ಷೆ: ಒಂದು ಅಂಕಕ್ಕೆ ಎರಡೇ ನಿಮಿಷ, ಸಿಕ್ಕಿಬಿದ್ದ ಲೆಕ್ಕಕ್ಕೆ ಜಾಗ ಬಿಟ್ಟು ಮುಂದೆ ಹೋಗಿ

‘ಎಲ್ಲಾ ಗೊತ್ತಿತ್ತು, ಟೈಮ್ ಸಾಲಲಿಲ್ಲ.’ ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ ಮುಗಿಸಿ ಬರುವ ಮಕ್ಕಳಲ್ಲಿ ಈ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಅಂಗಡಿ ವ್ಯಾಪಾರದ ಹಾಗೆ ಇಲ್ಲೂ ಲೆಕ್ಕ ಹಾಕಿದರೆ ಟೈಮ್ ಎಲ್ಲಿ ಸೋರಿತು ಅನ್ನೋದು ತಿಳಿಯುತ್ತದೆ.

ಲಿಖಿತ ಪತ್ರಿಕೆ 80 ಅಂಕದ್ದು. ಮೊದಲ 15 ನಿಮಿಷ ಓದಲಿಕ್ಕೆ, ಆಮೇಲೆ ಬರೆಯಲಿಕ್ಕೆ 180 ನಿಮಿಷ. ಕೊನೆಯ 20 ನಿಮಿಷವನ್ನು ಮರುಪರಿಶೀಲನೆಗೆ ಎತ್ತಿಟ್ಟರೆ ಉಳಿಯೋದು 160. ಅಂದರೆ ಅಂಕಕ್ಕೆ ಎರಡು ನಿಮಿಷ; ಮೂರು ಅಂಕದ ಪ್ರಶ್ನೆಗೆ ಆರು, ನಾಲ್ಕರದ್ದಕ್ಕೆ ಎಂಟು. ಒಂದು ಅಂಕದ ಪ್ರಶ್ನೆಗಳು ಅಷ್ಟು ಹೊತ್ತು ಕೇಳುವುದಿಲ್ಲ. ಅಲ್ಲಿ ಉಳಿದ ನಿಮಿಷಗಳನ್ನು ಹೃದಯ, ನೆಫ್ರಾನ್‌ನಂಥ ಚಿತ್ರಗಳಿಗೆ ಇಟ್ಟುಕೊಳ್ಳಬೇಕು.

ಓದುವ 15 ನಿಮಿಷದಲ್ಲೇ ಕ್ರಮ ನಿರ್ಧಾರವಾಗಬೇಕು. ಭೌತ, ರಸಾಯನ, ಜೀವಶಾಸ್ತ್ರ ಭಾಗಗಳಲ್ಲಿ ಯಾವುದು ಗಟ್ಟಿಯೋ ಅದರಿಂದ ಶುರು ಮಾಡಬಹುದು. ಪತ್ರಿಕೆಯಲ್ಲಿರುವ ಪ್ರಶ್ನೆ ಸಂಖ್ಯೆಯನ್ನೇ ಹಾಕಬೇಕು, ಒಂದು ಭಾಗದ ಉತ್ತರಗಳು ಆದಷ್ಟು ಒಟ್ಟಿಗೇ ಇರಬೇಕು. ‘ಅಥವಾ’ ಇದ್ದಲ್ಲಿ ಸುಲಭ ಅನ್ನಿಸಿದ್ದಕ್ಕಿಂತ, ಕೊನೇ ಸಾಲಿನವರೆಗೂ ಬರೆಯಲು ಬರುವುದನ್ನು ಆರಿಸಿಕೊಳ್ಳಬೇಕು. ಎರಡನ್ನೂ ಬರೆಯೋದು ಟೈಮ್ ವೇಸ್ಟು.

ಹೆಚ್ಚಿನವರು ಜಾರೋದು ಲೆಕ್ಕದಲ್ಲಿ. ಒಂದು ಉದಾಹರಣೆ: ಸಂಗಮದೂರ 20 ಸೆಂ.ಮೀ. ಇರುವ ಪೀನ ಮಸೂರದ ಮುಂದೆ 30 ಸೆಂ.ಮೀ. ದೂರದಲ್ಲಿ ವಸ್ತು ಇದೆ, ಪ್ರತಿಬಿಂಬ ಎಲ್ಲಿ? ಸೂತ್ರ 1/v − 1/u = 1/f. ಇಲ್ಲಿ u ಅಂದರೆ −30. ಆ ಮೈನಸ್ ಮರೆತರೆ ಉತ್ತರ 12 ಸೆಂ.ಮೀ. ಬರುತ್ತದೆ. ಆದರೆ ವಸ್ತು 20 ಮತ್ತು 40ರ ನಡುವೆ ಇರುವಾಗ ಪ್ರತಿಬಿಂಬ 40 ಸೆಂ.ಮೀ. ದಾಟಿಯೇ ಬೀಳಬೇಕು. 12 ಅಂತ ಬಂದ ಕೂಡಲೇ ತಪ್ಪಾಗಿದೆ ಅಂತ ಗೊತ್ತಾಗಬೇಕು. ಸರಿ ಉತ್ತರ 60.

ತಪ್ಪು ಎಲ್ಲಿ ಅಂತ ಹೊಳೆಯದಿದ್ದರೆ ಹೊಡೆದು ಹಾಕಿ ಹೊಡೆದು ಹಾಕಿ 20 ನಿಮಿಷ ಹೋಗಿಬಿಡುತ್ತದೆ. ಅದು ಹತ್ತು ಅಂಕದ ಟೈಮು! ಆರು ನಿಮಿಷ ಆಯ್ತೋ, ಸೂತ್ರ ಮತ್ತು ಬೆಲೆ ಹಾಕಿದ ಸಾಲನ್ನು ಹಾಗೇ ಉಳಿಸಿ, ಐದಾರು ಗೆರೆ ಜಾಗ ಬಿಟ್ಟು ಮುಂದೆ ಹೋಗಬೇಕು. ಮೌಲ್ಯಮಾಪನದಲ್ಲಿ ಹಂತಗಳಿಗೂ ಅಂಕ ಸಿಗುತ್ತದೆ. ಹೊಡೆದು ಹಾಕಿದರೆ ಆ ಅಂಕವೂ ಹೋಯ್ತು.

ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು, ಅಪ್ಪ ಅಮ್ಮನಿಗೆ ವಿಜ್ಞಾನ ಬರಲೇಬೇಕೆಂದಿಲ್ಲ. ಹಳೇ ಪತ್ರಿಕೆ ಕೊಟ್ಟು, 10:15ಕ್ಕೆ ಬರೆಯಲು ಕೂರಿಸಿ, ಪ್ರತಿ ಅರ್ಧ ಗಂಟೆಗೆ ಎಷ್ಟು ಅಂಕದ ಉತ್ತರ ಮುಗಿದಿದೆ ಅಂತ ಅಂಚಿನಲ್ಲಿ ಗುರುತು ಹಾಕಿಸಿದರೆ ಸಾಕು. 11:45ಕ್ಕೆ 45 ಅಂಕದಷ್ಟು ಆಗಿರಬೇಕು. 30ರಲ್ಲೇ ನಿಂತಿದ್ದರೆ, ಯಾವ ಪ್ರಶ್ನೆ ಹತ್ತಿರ ಹೊಡೆದು ಹಾಕಿದ ಗೆರೆ ಜಾಸ್ತಿ ಇವೆ ಅಂತ ನೋಡಿ. ಟೈಮ್ ಹೋಗಿರೋದು ಬಹುತೇಕ ಅಲ್ಲೇ.