ನೀರು ಹೆಪ್ಪುಗಟ್ಟಿದರೆ ಪೈಪು ಯಾಕೆ ಒಡೆಯುತ್ತದೆ?

ಮುಂಬಯಿಯಲ್ಲೋ ಚೆನ್ನೈಯಲ್ಲೋ ಇರುವ ನಮಗೆ ಈ ಪ್ರಶ್ನೆ ಎದುರಾಗುವುದು ಹೆಚ್ಚಾಗಿ ಫ್ರೀಜರ್ ಮುಂದೆ. ಬೇಗ ತಣ್ಣಗಾಗಲಿ ಅಂತ ಗಾಜಿನ ಬಾಟಲಿಗೆ ಬಾಯಿ ತನಕ ನೀರು ತುಂಬಿ, ಮುಚ್ಚಳ ಬಿಗಿದು ಇಟ್ಟು ಮರೆತರೆ ಬೆಳಿಗ್ಗೆ ಸಿಗೋದು ಚೂರುಗಳು. ಶ್ರೀನಗರದವರಿಗಾದರೆ ಇದು ಮನೆಯ ನಲ್ಲಿಯದೇ ಸಮಸ್ಯೆ. ಅಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡು ಚಳಿಗೆ 'ಚಿಲ್ಲೈ ಕಲಾನ್' ಎನ್ನುತ್ತಾರೆ. ಉರ್ದು ಬಲ್ಲವರಿಗೆ ಹೆಸರಿನಲ್ಲೇ 'ಚಿಲ್ಲಾ', ಅಂದರೆ ನಲವತ್ತು ದಿನ, ಕೇಳಿಸುತ್ತದೆ. ಆ ದಿನಗಳಲ್ಲಿ ರಾತ್ರಿ ಪೈಪಿನ ನೀರು ಗಟ್ಟಿಯಾಗುವುದು ಮಾಮೂಲು.

ಮೊದಲು ಮೂಲ ಕಾರಣ ನೋಡೋಣ. ಹೆಚ್ಚಿನ ವಸ್ತುಗಳು ತಣ್ಣಗಾಗಿ ಗಟ್ಟಿಯಾದಾಗ ಕುಗ್ಗುತ್ತವೆ. ನೀರು ಕೂಡ 4 ಡಿಗ್ರಿ ಸೆಲ್ಸಿಯಸ್ ತನಕ ಹಾಗೇ ಕುಗ್ಗುತ್ತದೆ, ಆಮೇಲೆ ದಾರಿ ಬದಲಿಸುತ್ತದೆ. ದ್ರವವಾಗಿರುವಾಗ ನೀರಿನ ಅಣುಗಳು ಒಂದರ ಪಕ್ಕ ಒಂದು ಒತ್ತಾಗಿ, ಜಾಗ ಬದಲಿಸುತ್ತಾ ಇರುತ್ತವೆ. ಮಂಜುಗಡ್ಡೆಯಾಗುವಾಗ ಪ್ರತಿ ಅಣುವೂ ನಾಲ್ಕು ಅಣುಗಳ ಜೊತೆ ನಿಗದಿತ ಕೋನದಲ್ಲಿ ಕೈಹಿಡಿದು ನಿಲ್ಲುತ್ತದೆ. ಆ ಜೋಡಣೆಯಲ್ಲಿ ನಡುವೆ ಖಾಲಿ ಜಾಗ ಉಳಿಯುತ್ತದೆ. ಒತ್ತಾಗಿ ನಿಂತ ಮಕ್ಕಳು ಕೈ ಚಾಚಿ ಹಿಡಿದುಕೊಂಡರೆ ಹೆಚ್ಚು ಜಾಗ ಬೇಕಾಗುತ್ತದಲ್ಲ, ಹಾಗೆ. ಒಂದು ಲೀಟರ್ ನೀರು ಮಂಜುಗಡ್ಡೆಯಾದರೆ ಸುಮಾರು 90 ಮಿಲಿಲೀಟರ್ ಹೆಚ್ಚು ಜಾಗ ಕೇಳುತ್ತದೆ. ಮುಚ್ಚಿದ ಗಾಜಿನ ಬಾಟಲಿಯಲ್ಲಿ ಆ ಜಾಗ ಇಲ್ಲ, ಗಾಜು ಹಿಗ್ಗುವುದೂ ಇಲ್ಲ. ಅದಕ್ಕೇ ಒಡೆಯುತ್ತದೆ.

ಇಷ್ಟು ಪಾಠಪುಸ್ತಕದಲ್ಲೂ ಸಿಗುತ್ತದೆ. ಆದರೆ ಪೈಪಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಎಷ್ಟೋ ಸಲ ಪೈಪು ಒಡೆದಿರುವುದು ಮಂಜುಗಡ್ಡೆ ಕಟ್ಟಿದ ಜಾಗದಲ್ಲಿ ಅಲ್ಲ, ಅದಕ್ಕೂ ನಲ್ಲಿಗೂ ನಡುವೆ, ಇನ್ನೂ ನೀರೇ ಇರುವ ಜಾಗದಲ್ಲಿ! ಯಾಕೆ?

ಗೋಡೆಯ ಹೊರಗೆ, ಗಾಳಿಗೆ ತೆರೆದ ಕಡೆ ಪೈಪಿನಲ್ಲಿ ಮೊದಲು ಮಂಜುಗಡ್ಡೆ ಕಟ್ಟುತ್ತದೆ ಅಂದುಕೊಳ್ಳಿ. ಅದು ಬಿರಡೆಯ ಹಾಗೆ ಪೈಪನ್ನು ಪೂರ್ತಿ ಮುಚ್ಚುತ್ತದೆ. ಬಿರಡೆ ಬೆಳೆದಂತೆ ಎರಡೂ ಕಡೆಯ ನೀರನ್ನು ತಳ್ಳುತ್ತದೆ. ಬೀದಿಯ ಕಡೆಯ ನೀರು ದೊಡ್ಡ ಪೈಪಿಗೆ ವಾಪಸ್ ಹೋಗಬಹುದು. ಮನೆಯ ಕಡೆ ನಲ್ಲಿ ಮುಚ್ಚಿದೆ, ಆ ನೀರಿಗೆ ಹೋಗಲು ದಾರಿಯೇ ಇಲ್ಲ.

ಈಗ ಲೆಕ್ಕ ಹಾಕೋಣ. ಒಳಗಿನ ಅಗಲ 15 ಮಿಲಿಮೀಟರ್ ಇರುವ ಪೈಪಿನ ಒಂದು ಮೀಟರಿನಲ್ಲಿ ಸುಮಾರು 175 ಮಿಲಿಲೀಟರ್ ನೀರು ಹಿಡಿಯುತ್ತದೆ. ಬಿರಡೆಗೂ ನಲ್ಲಿಗೂ ನಡುವೆ ಅಷ್ಟು ನೀರು ಸಿಕ್ಕಿಬಿದ್ದಿದೆ. ಬಿರಡೆ ನಲ್ಲಿಯ ಕಡೆಗೆ ಬರೀ 6 ಸೆಂಟಿಮೀಟರ್ ಬೆಳೆದರೂ ಹೆಚ್ಚಾಗುವ ಗಾತ್ರ ಸುಮಾರು 1 ಮಿಲಿಲೀಟರ್, ಅಂದರೆ ಇಪ್ಪತ್ತು ಹನಿಯಷ್ಟು. ಇಷ್ಟಕ್ಕೆ ಏನಾಗುತ್ತೆ ಅನ್ನಿಸಬಹುದು. ಆದರೆ ನೀರು ಗಾಳಿಯ ಹಾಗೆ ಸುಲಭವಾಗಿ ಕುಗ್ಗುವುದಿಲ್ಲ. ಅದನ್ನು ನೂರಕ್ಕೆ ಒಂದು ಪಾಲು ಕುಗ್ಗಿಸಬೇಕಾದರೆ ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು 100 ಪಟ್ಟು ಬೇಕು. ಇಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಕುಗ್ಗಬೇಕಾಗಿದೆ. ಪೈಪು ಸ್ವಲ್ಪವೂ ಹಿಗ್ಗದಿದ್ದರೆ ಒಳಗಿನ ಒತ್ತಡ ಟೈರಿನ 50 ಪಟ್ಟು ದಾಟುತ್ತದೆ. ನಿಜದಲ್ಲಿ ಪೈಪು ತುಸು ಹಿಗ್ಗುವುದರಿಂದ ಒತ್ತಡ ಸ್ವಲ್ಪ ನಿಧಾನವಾಗಿ ಏರುತ್ತದೆ, ಆದರೆ ಬಿರಡೆ ಬೆಳೆಯುವುದು ನಿಲ್ಲುವುದಿಲ್ಲವಲ್ಲ. ಕೊನೆಗೆ ಎಲ್ಲಿ ದುರ್ಬಲವೋ ಅಲ್ಲಿ, ಜಾಯಿಂಟಿನಲ್ಲೋ ತುಕ್ಕು ಹಿಡಿದ ಕಡೆಯೋ, ಬಿರುಕು ಬಿಡುತ್ತದೆ.

ಇದು ಗೊತ್ತಾದರೆ ಚಳಿ ಪ್ರದೇಶದವರು ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡುವುದು ಯಾಕೆ ಅಂತ ತಿಳಿಯುತ್ತದೆ. ಹರಿಯುವ ನೀರು ಹೆಪ್ಪುಗಟ್ಟಲು ತಡವಾಗುತ್ತದೆ ನಿಜ. ಅದಕ್ಕಿಂತ ದೊಡ್ಡ ಲಾಭ ಎಂದರೆ, ಮಂಜುಗಡ್ಡೆ ಕಟ್ಟಿದರೂ ಆ ಹೆಚ್ಚುವರಿ ಮಿಲಿಲೀಟರ್ ನಲ್ಲಿಯಿಂದ ಹೊರಗೆ ಬಂದುಬಿಡುತ್ತದೆ. ಒತ್ತಡ ಏರುವುದೇ ಇಲ್ಲ. ಪೈಪಿಗೆ ಗೋಣಿ, ಹಳೆ ಬಟ್ಟೆ ಸುತ್ತಿದರೆ ಶಾಖ ಹೋಗುವುದು ನಿಧಾನವಾಗುತ್ತದೆ, ಅಷ್ಟೆ. ಚಳಿ ದಿನಗಟ್ಟಲೆ ಹಿಡಿದರೆ ಬಟ್ಟೆಯೊಂದೇ ಸಾಲದು.

ನೀವು ಚಳಿಗಾಲದಲ್ಲಿ ಅಂಥ ಊರಲ್ಲಿದ್ದು, ಬೆಳಿಗ್ಗೆ ಪಕ್ಕದ ಮನೆಯಲ್ಲಿ ನೀರು ಬಂದು ನಿಮ್ಮಲ್ಲಿ ಬರದಿದ್ದರೆ, ಬಿರಡೆ ಕಟ್ಟಿದೆ ಎಂದು ಅನುಮಾನಿಸಿ. ಪೈಪು ಆಗಲೇ ಒಡೆದಿದ್ದರೂ ಮಂಜುಗಡ್ಡೆ ಇರುವ ತನಕ ಸೋರಿಕೆ ಹೆಚ್ಚು ಕಾಣುವುದಿಲ್ಲ. ಬಿಸಿಲೇರಿ ಕರಗಿದ ಮೇಲೆ ನೀರು ಚಿಮ್ಮುತ್ತದೆ. ಹಾಗಾಗಿ ಮೊದಲು ಮುಖ್ಯ ವಾಲ್ವ್ ಮುಚ್ಚಿ, ನಲ್ಲಿ ತೆರೆದಿಡಿ. ಆಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ನಲ್ಲಿಯ ಕಡೆಯಿಂದ ಶುರುಮಾಡಿ ಕಾಯಿಸುತ್ತಾ ಹೋಗಿ, ಕರಗಿದ ನೀರಿಗೆ ಹೊರದಾರಿ ಇರುತ್ತದೆ. ಬೆಂಕಿ ಮಾತ್ರ ಹಿಡಿಯಬೇಡಿ.

ಫ್ರೀಜರಿಗೂ ಇದೇ ನಿಯಮ. ಲೀಟರ್ ಬಾಟಲಿಗೆ 850 ಮಿಲಿಲೀಟರಿಗಿಂತ ಹೆಚ್ಚು ತುಂಬಬೇಡಿ. ಕತ್ತು ಕಿರಿದಾದ ಗಾಜಿನ ಬಾಟಲಿಯನ್ನಂತೂ ಇಡಲೇಬೇಡಿ. ಕತ್ತಿನಲ್ಲಿ ಮೊದಲು ಬಿರಡೆ ಕಟ್ಟಿಬಿಟ್ಟರೆ ಮೇಲೆ ಬಿಟ್ಟ ಜಾಗ ಕೆಳಗಿನ ನೀರಿಗೆ ಸಿಗುವುದೇ ಇಲ್ಲ.